ಜೋಡಿ ಬಿದ್ದಾಗ ಗೆಲ್ಲುವವರು ಯಾರು?

ಪ್ರಶ್ನೆ: ಸರ್, ಈ ಸಲ ನಮ್ಮೂರ ಜಾತ್ರೆಯಲ್ಲಿ ಆರು ಚಿತ್ರದ ಹಾಸು ಹಾಕಿ, ಡಬ್ಬಿಯಲ್ಲಿ ಮೂರು ದಾಳ ಕುಲುಕಿ ಆಡಿಸ್ತಿದ್ರು. ನಮ್ಮ ಕಡೆ ಗುಡಗುಡಿ ಅಂತಾರೆ. ಒಂದು ಚಿತ್ರದ ಮೇಲೆ 10 ರೂಪಾಯಿ ಇಡಬೇಕು. ಆ ಚಿತ್ರ ಒಂದು ದಾಳದಲ್ಲಿ ಬಿದ್ರೆ ನಮ್ಮ ದುಡ್ಡಿನ ಜೊತೆ ಇನ್ನೊಂದು 10 ಕೊಡ್ತಾರೆ. ಎರಡರಲ್ಲಿ ಬಿದ್ರೆ 20, ಮೂರರಲ್ಲೂ ಬಿದ್ರೆ 30. ಬೀಳದಿದ್ರೆ ನಮ್ಮ 10 ಹೋಯ್ತು. ಆರು ಚಿತ್ರಕ್ಕೆ ಮೂರು ದಾಳ, ಅಂದ್ರೆ ಅರ್ಧಕ್ಕರ್ಧ ಅವಕಾಶ. ಜೋಡಿ ಬಿದ್ರೆ ಜಾಸ್ತಿ ದುಡ್ಡು ಬೇರೆ. ಲಾಭ ನಮ್ಮ ಕಡೆಗೇ ಅಂದ್ಕೊಂಡು 60 ಆಟ ಆಡಿದೆ, 140 ರೂಪಾಯಿ ಹೋಯ್ತು. ನನ್ನ ಭಾವ ಅಲ್ಲೇ 25 ಆಟ ಆಡಿ 40 ರೂಪಾಯಿ ಗೆದ್ರು. ನಮ್ಮ ಲೆಕ್ಚರರ್ ‘ಆಟವೊಂದಕ್ಕೆ ನಿರೀಕ್ಷಿತ ನಷ್ಟ ಸುಮಾರು 79 ಪೈಸೆ’ ಅಂದ್ರು. ಯಾವ ಆಟದಲ್ಲೂ 79 ಪೈಸೆ ಹೋಗಲ್ವಲ್ಲ? ದಾಳದಲ್ಲೇ ಮೋಸ ಇತ್ತಾ? ಸೋತಾಗೆಲ್ಲ ದುಪ್ಪಟ್ಟು ಇಡ್ತಾ ಹೋದ್ರೆ ವಾಪಸ್ ಬರುತ್ತಾ?
— ಬಿ.ಕಾಂ. ವಿದ್ಯಾರ್ಥಿ, ಉತ್ತರ ಕನ್ನಡ

ಉತ್ತರ: ನಿಮ್ಮ ಲೆಕ್ಚರರ್ ಹೇಳಿದ 79 ಪೈಸೆ ಸರಿಯಾಗಿಯೇ ಇದೆ. ತಮಾಷೆ ಏನೆಂದರೆ, ನಿಮ್ಮ ‘ಅರ್ಧಕ್ಕರ್ಧ’ವೂ ಪೂರ್ತಿ ಸುಳ್ಳಲ್ಲ. ಅದು ಬೇರೆ ಯಾವುದೋ ಲೆಕ್ಕದ ಉತ್ತರ, ಅಷ್ಟೇ. ಆ ಎರಡು ಲೆಕ್ಕಗಳ ನಡುವೆ ಇರುವ ಸಣ್ಣ ಸಂದಿಯಲ್ಲೇ ಹಾಸು ಹಾಕಿದವನ ಸಂಸಾರ ನಡೆಯುವುದು. ನಾನು ಸಂಖ್ಯಾಶಾಸ್ತ್ರ ಪಾಠ ಮಾಡಿದ ಅಷ್ಟೂ ವರ್ಷ ಈ ಆಟವನ್ನು ಕ್ಲಾಸಿಗೆ ತಂದಿದ್ದೇನೆ. ಪ್ರತಿ ಬ್ಯಾಚಿನಲ್ಲೂ ಮುಕ್ಕಾಲು ಪಾಲು ಮಕ್ಕಳು ನಿಮ್ಮ ಹಾಗೇ ಯೋಚಿಸಿದ್ದಾರೆ. ಹದಿನೆಂಟನೇ ವಯಸ್ಸಿನಲ್ಲಿ ನಾನೂ ಹಾಗೇ ಯೋಚಿಸಿ, ಬಸ್ ಚಾರ್ಜಿನ ದುಡ್ಡು ಕಳೆದುಕೊಂಡು ಏಳು ಮೈಲಿ ನಡೆದು ಮನೆಗೆ ಹೋದವನು.

ಮೊದಲು ಅರ್ಧದ ಮಾತು. ಒಂದು ದಾಳದಲ್ಲಿ ಕಿರೀಟದ ಚಿತ್ರ ಬೀಳುವ ಅವಕಾಶ ಆರರಲ್ಲಿ ಒಂದು. ಮೂರು ದಾಳ ಇದೆ, ಹಾಗಾಗಿ ಆರರಲ್ಲಿ ಮೂರು, ಅಂದರೆ ಅರ್ಧ. ಕೇಳಲು ಸರಿಯಾಗೇ ಇದೆ ಅಲ್ವಾ? ಹಾಗಾದರೆ ಆರು ದಾಳ ಹಾಕಿದರೆ ಏನಾಗಬೇಕು? ಆರರಲ್ಲಿ ಆರು, ಅಂದರೆ ಕಿರೀಟ ಬಂದೇ ಬರಬೇಕು. ಹಾಗೆ ಆಗುವುದಿಲ್ಲ ಎಂದು ಯಾರಿಗಾದರೂ ಗೊತ್ತು. ಆರು ದಾಳ ಹಾಕಿದರೂ ಒಂದೂ ಕಿರೀಟ ಬೀಳದ ಆಟಗಳು ಬೇಕಾದಷ್ಟು ಇರುತ್ತವೆ. ಏಳು ದಾಳ ಹಾಕಿದರಂತೂ ಅವಕಾಶ ನೂರಕ್ಕೆ ನೂರನ್ನೂ ದಾಟಿಬಿಡಬೇಕು! ಹೀಗೆ ಸುಮ್ನೆ ಕೂಡಿಸುತ್ತಾ ಹೋಗುವುದರಲ್ಲೇ ಎಲ್ಲೋ ಎಡವಟ್ಟಾಗಿದೆ.

ಎಡವಟ್ಟು ಎಲ್ಲಿ ಎಂದು ನೋಡಲು ದಾಳಗಳನ್ನು ಒಂದು ಸಲ ನಿಧಾನವಾಗಿ ಎಣಿಸೋಣ. ಮೊದಲನೇ ದಾಳ ಆರು ರೀತಿ ಬೀಳಬಹುದು, ಎರಡನೇದೂ ಆರು, ಮೂರನೇದೂ ಆರು. ಒಟ್ಟು 6 × 6 × 6, ಅಂದರೆ 216 ರೀತಿ. ನೀವು ಕಿರೀಟದ ಮೇಲೆ ದುಡ್ಡು ಇಟ್ಟಿದ್ದೀರಿ ಎಂದುಕೊಳ್ಳಿ. ಕಿರೀಟ ಒಂದೂ ಬೀಳಬಾರದು ಎಂದರೆ ಪ್ರತಿ ದಾಳವೂ ಉಳಿದ ಐದು ಚಿತ್ರಗಳಲ್ಲಿ ಒಂದನ್ನು ತೋರಿಸಬೇಕು. 5 × 5 × 5, ಅಂದರೆ 125 ರೀತಿ. ಸರಿಯಾಗಿ ಒಂದೇ ಕಿರೀಟ ಬೀಳುವುದು 75 ರೀತಿ: ಮೂರು ದಾಳದಲ್ಲಿ ಯಾವುದಾದರೂ ಒಂದು ಕಿರೀಟ, ಉಳಿದೆರಡು ಐದೈದು ರೀತಿ. ಎರಡು ಕಿರೀಟ 15 ರೀತಿ. ಮೂರೂ ಕಿರೀಟ ಒಂದೇ ಒಂದು ರೀತಿ. ಕೂಡಿಸಿ ನೋಡಿ, 216 ಆಗುತ್ತದೆ.

ಈಗ ನೀವು 216 ಆಟ ಆಡಿದಿರಿ, ಪ್ರತಿ ಸಲವೂ ಕಿರೀಟಕ್ಕೇ 10 ರೂಪಾಯಿ, ಮತ್ತು ಈ 216 ರೀತಿಗಳೂ ಒಂದೊಂದು ಸಲ ಬಂದವು ಎಂದು ಭಾವಿಸಿ. 125 ಆಟದಲ್ಲಿ ಸೋತಿರಿ, 1250 ರೂಪಾಯಿ ಹೋಯಿತು. 75 ಆಟದಲ್ಲಿ ಹತ್ತತ್ತು ಗೆದ್ದಿರಿ, 750. ಹದಿನೈದು ಜೋಡಿಗೆ 300. ಆ ಒಂದು ಮೂರೂ-ಕಿರೀಟಕ್ಕೆ 30. ಗೆದ್ದದ್ದು ಒಟ್ಟು 1080. ನಷ್ಟ 170 ರೂಪಾಯಿ. ಅದನ್ನು 216 ಆಟಕ್ಕೆ ಹಂಚಿದರೆ ಆಟಕ್ಕೆ 78.7 ಪೈಸೆ. ನಿಮ್ಮ ಲೆಕ್ಚರರ್ ಹೇಳಿದ 79 ಪೈಸೆ ಇದೇ.

ಇಲ್ಲಿ ಒಂದು ನಿಮಿಷ ನಿಲ್ಲಬೇಕು. ಈ 216 ಆಟದಲ್ಲಿ ಒಟ್ಟು ಎಷ್ಟು ಕಿರೀಟ ಬಿದ್ದವು? ಒಂಟಿಯಾಗಿ 75, ಜೋಡಿಯಲ್ಲಿ 30, ಮೂರೂ ಬಿದ್ದಾಗ 3. ಒಟ್ಟು 108. ಅದು 216ರ ಅರ್ಧ, ಸರಿಯಾಗಿ ಅರ್ಧ! ನಿಮ್ಮ ‘ಅರ್ಧ’ ಇಲ್ಲಿದೆ. ಆಟವೊಂದಕ್ಕೆ ಸರಾಸರಿ ಅರ್ಧ ಕಿರೀಟ ಬೀಳುತ್ತದೆ. ಆದರೆ ಅರ್ಧ ಆಟಗಳಲ್ಲಿ ಕಿರೀಟ ಬೀಳುತ್ತದೆ ಎಂದು ಅದರ ಅರ್ಥ ಅಲ್ಲ. 108 ಕಿರೀಟಗಳು ಒಂದೊಂದು ಆಟಕ್ಕೆ ಒಂದೊಂದರಂತೆ ಬಿದ್ದಿದ್ದರೆ ನೀವು 108 ಆಟ ಗೆದ್ದು, 108 ಆಟ ಸೋತು, ಸರಿಸಮ ಆಗುತ್ತಿದ್ದಿರಿ. ಆದರೆ ಕೆಲವು ಕಿರೀಟಗಳು ಒಂದೇ ಆಟದಲ್ಲಿ ಒತ್ತೊತ್ತಿಗೆ ಬಂದು ಕೂತವು. ಹಾಗಾಗಿ 108 ಕಿರೀಟಗಳು 91 ಆಟಗಳಲ್ಲೇ ಮುಗಿದುಹೋದವು. ಉಳಿದ 17 ಆಟಗಳು ಬರಿಗೈ. 17 ಆಟಕ್ಕೆ ಹತ್ತತ್ತು ರೂಪಾಯಿ, ಅದೇ ಆ 170.

ನೀವು ಜೋಡಿಯನ್ನು ಬೋನಸ್ ಅಂದುಕೊಂಡಿರಿ. ಅಲ್ಲಿ ಎರಡನೇ ಕಿರೀಟಕ್ಕೆ ಸಿಕ್ಕಿದ 10 ರೂಪಾಯಿ ಬೋನಸ್ ಅಲ್ಲ. ಆ ಕಿರೀಟ ಇನ್ನೊಂದು ಆಟದಲ್ಲಿ ಒಂಟಿಯಾಗಿ ಬಿದ್ದಿದ್ದರೆ ಎರಡು ಕೆಲಸ ಮಾಡುತ್ತಿತ್ತು: 10 ರೂಪಾಯಿ ತಂದುಕೊಡುತ್ತಿತ್ತು, ಜೊತೆಗೆ ಅಲ್ಲಿ ನೀವಿಟ್ಟ 10 ರೂಪಾಯಿಯನ್ನೂ ಉಳಿಸುತ್ತಿತ್ತು. ಜೋಡಿಯಲ್ಲಿ ಬಿದ್ದಾಗ ಮೊದಲನೆಯದನ್ನು ಮಾತ್ರ ಮಾಡುತ್ತದೆ. ಉಳಿಸುವ ಕೆಲಸವನ್ನು ಜೊತೆಗಿರುವ ಕಿರೀಟ ಆಗಲೇ ಮಾಡಿ ಮುಗಿಸಿರುತ್ತದೆ.

ನಂಬಿಕೆ ಬರದಿದ್ದರೆ ಹಾಸಿನ ಆ ಕಡೆ ಹೋಗಿ ಕೂರಿ. ಆರು ಜನ ಆಡುತ್ತಿದ್ದಾರೆ, ಆರು ಚಿತ್ರಕ್ಕೂ ಹತ್ತತ್ತು ರೂಪಾಯಿ ಬಿದ್ದಿದೆ. ಹಾಸಿನ ಮೇಲೆ 60 ರೂಪಾಯಿ. ಡಬ್ಬಿ ಎತ್ತಿದಾಗ ಕಿರೀಟ, ಬಾವುಟ, ಇಸ್ಪೀಟು ಬಿದ್ದಿವೆ, ಮೂರೂ ಬೇರೆ ಬೇರೆ. ಮೂರು ಜನ ಗೆದ್ದರು, ಒಬ್ಬೊಬ್ಬರಿಗೆ 20 ರೂಪಾಯಿ ವಾಪಸ್, ಅವರದ್ದೇ 10 ಸೇರಿ. 60 ರೂಪಾಯಿ ಬಂತು, 60 ರೂಪಾಯಿ ಹೋಯಿತು. ಹಾಸಿನವನಿಗೆ ಸೊನ್ನೆ. ಮುಂದಿನ ಆಟದಲ್ಲಿ ಎರಡು ಕಿರೀಟ, ಒಂದು ಆಟೀನು. ಕಿರೀಟದವರಿಗೆ 30 ಕೊಟ್ಟ, ಆಟೀನಿನವರಿಗೆ 20. ಒಟ್ಟು 50. ಅವನ ಕೈಯಲ್ಲಿ 10 ಉಳಿಯಿತು. ಇನ್ಯಾವಾಗಲೋ ಮೂರೂ ಕಿರೀಟ ಬಿತ್ತು. ಜನ ಕೂಗಿದರು, ಗೆದ್ದವನ ಬೆನ್ನು ತಟ್ಟಿದರು, 40 ರೂಪಾಯಿ ಎಣಿಸಿಕೊಟ್ಟದ್ದನ್ನು ಎಲ್ಲರೂ ಕಣ್ತುಂಬ ನೋಡಿದರು. ಹಾಸಿನವನ ಕೈಯಲ್ಲಿ ಸದ್ದಿಲ್ಲದೆ 20 ಉಳಿಯಿತು.

ಮೂರೂ ಬೇರೆ ಬೇರೆ ಬೀಳುವುದು 216ರಲ್ಲಿ 120 ರೀತಿ. ಯಾವುದಾದರೂ ಒಂದು ಜೋಡಿ ಬೀಳುವುದು 90 ರೀತಿ. ಮೂರೂ ಒಂದೇ ಆಗುವುದು 6 ರೀತಿ. 90 ಸಲ ಹತ್ತತ್ತು, 6 ಸಲ ಇಪ್ಪತ್ತಿಪ್ಪತ್ತು, ಒಟ್ಟು 1020 ರೂಪಾಯಿ. 216 ಆಟಕ್ಕೆ ಹಂಚಿದರೆ ಆಟಕ್ಕೆ 4 ರೂಪಾಯಿ 72 ಪೈಸೆ. ಅದನ್ನು ಆಡಿದ ಆರು ಜನಕ್ಕೆ ಹಂಚಿದರೆ ಮತ್ತೆ ಅದೇ 79 ಪೈಸೆ. ಜನ ಚಪ್ಪಾಳೆ ತಟ್ಟುವ ಆಟಗಳಲ್ಲೇ ಅವನ ದುಡಿಮೆ ಇರುವುದು. ಜೋಡಿಗೆ 20ರ ಬದಲು 30, ಮೂರಕ್ಕೆ 30ರ ಬದಲು 50 ಕೊಟ್ಟಿದ್ದರೆ ನಿಮ್ಮ ಗೆಲುವು 750 + 450 + 50, ಅಂದರೆ ಸರಿಯಾಗಿ 1250 ಆಗಿ ಸೋಲಿಗೆ ಸಮನಾಗುತ್ತಿತ್ತು. ಹಾಗೆ ಕೊಟ್ಟರೆ ಹಾಸು ಹಾಕಿದವನು ಸಂಜೆ ಹಾಸು ಮಡಚಿಕೊಂಡು ಬರಿಗೈಲಿ ಮನೆಗೆ ಹೋಗಬೇಕಾಗುತ್ತದೆ.

ಇನ್ನು 79 ಪೈಸೆ ಯಾವ ಆಟದಲ್ಲೂ ಕಾಣುವುದಿಲ್ಲ ಎಂಬ ನಿಮ್ಮ ತಕರಾರು. ಒಳ್ಳೆಯ ತಕರಾರೇ. ರಾಹುಲ್ ದ್ರಾವಿಡ್ ಅವರ ಟೆಸ್ಟ್ ಸರಾಸರಿ 52.31. ಅವರು ಯಾವ ಇನಿಂಗ್ಸ್‌ನಲ್ಲೂ 52.31 ರನ್ ಹೊಡೆದಿಲ್ಲ, ಹೊಡೆಯಲು ಸಾಧ್ಯವೂ ಇಲ್ಲ. ಸೊನ್ನೆಯೂ ಇದೆ, 270ನೂ ಇದೆ, ಎಲ್ಲ ಸೇರಿ ಹಂಚಿದಾಗ ಬಂದದ್ದು ಆ ಸಂಖ್ಯೆ. ವ್ಯತ್ಯಾಸ ಇಷ್ಟೇ: ದ್ರಾವಿಡ್ ಅವರ ಸರಾಸರಿಯನ್ನು ಆಟ ಮುಗಿದ ಮೇಲೆ ಲೆಕ್ಕ ಹಾಕಿದ್ದು. ದಾಳದ ಸರಾಸರಿಯನ್ನು ಆಡುವ ಮೊದಲೇ ಲೆಕ್ಕ ಹಾಕಬಹುದು, ಯಾಕೆಂದರೆ ದಾಳಕ್ಕೆ ಆರು ಮುಖ ಎಂದು ನಮಗೆ ಮೊದಲೇ ಗೊತ್ತು. ಹಾಗೆ ಮೊದಲೇ ಹಾಕಿದ ಸರಾಸರಿಗೆ ನಿರೀಕ್ಷಿತ ಮೌಲ್ಯ ಎನ್ನುತ್ತಾರೆ. ಹೆಸರು ಸ್ವಲ್ಪ ದಾರಿ ತಪ್ಪಿಸುತ್ತದೆ, ಒಪ್ಪುತ್ತೇನೆ. ಮುಂದಿನ ಆಟದಲ್ಲಿ ಅದನ್ನೇ ನಿರೀಕ್ಷಿಸಿ ಎಂದು ಅದು ಹೇಳುವುದಿಲ್ಲ. ತುಂಬಾ ಆಟ ಆಡಿದರೆ ಆಟಕ್ಕೆ ಸರಾಸರಿ ಎಷ್ಟರ ಹತ್ತಿರ ಬಂದು ನಿಲ್ಲುತ್ತದೆ ಎಂದಷ್ಟೇ ಹೇಳುತ್ತದೆ.

‘ತುಂಬಾ’ ಅಂದರೆ ಎಷ್ಟು? ಎಲ್ಲರೂ ಎಡವುವುದು ಇಲ್ಲಿ. ಒಂದು ಆಟದ ಫಲ 79 ಪೈಸೆಯ ಸುತ್ತ ಎಷ್ಟು ಎಗರಾಡುತ್ತದೆ ಎಂಬುದಕ್ಕೂ ಒಂದು ಅಳತೆ ಇದೆ. ಈ ಆಟಕ್ಕೆ ಅದು ಸುಮಾರು 11 ರೂಪಾಯಿ. ಆಟದ ಸಂಖ್ಯೆ ನಾಲ್ಕು ಪಟ್ಟಾದರೆ ಒಟ್ಟು ಹಣದ ಎಗರಾಟ ಎರಡೇ ಪಟ್ಟಾಗುತ್ತದೆ, ನೂರು ಪಟ್ಟಾದರೆ ಹತ್ತೇ ಪಟ್ಟು. ಆದರೆ ನಷ್ಟ ಮಾತ್ರ ನೂರಕ್ಕೆ ನೂರು ಪಟ್ಟೂ ಬೆಳೆಯುತ್ತದೆ. ನಿಮ್ಮ 60 ಆಟಕ್ಕೆ ನಿರೀಕ್ಷಿತ ನಷ್ಟ 47 ರೂಪಾಯಿ, ಎಗರಾಟ 86 ರೂಪಾಯಿ. ಎಗರಾಟ ನಷ್ಟವನ್ನು ಮುಚ್ಚಿಹಾಕುವಷ್ಟು ದೊಡ್ಡದು. ನೀವು 140 ಕಳೆದುಕೊಂಡದ್ದು 47ಕ್ಕೆ ಆ 86 ಕೂಡಿಸಿದರೆ ಬರುವ 133ರ ಗೆರೆಯಿಂದ ಸ್ವಲ್ಪ ಆಚೆ. 60 ಆಟ ಆಡಿದ ಆರೇಳು ಜನರಲ್ಲಿ ಒಬ್ಬರಿಗೆ ಅಷ್ಟು ಅಥವಾ ಅದಕ್ಕಿಂತ ಜಾಸ್ತಿ ಹೋಗುತ್ತದೆ. ನಿಮ್ಮ ಭಾವ ಗೆದ್ದದ್ದೂ ಅಷ್ಟೇ ಮಾಮೂಲಿ. 25 ಆಟ ಆಡಿದವರಲ್ಲಿ ಹೆಚ್ಚುಕಡಿಮೆ ಆರೇಳು ಜನಕ್ಕೊಬ್ಬರು 40 ರೂಪಾಯಿ ಅಥವಾ ಅದಕ್ಕಿಂತ ಹೆಚ್ಚು ಜೇಬಿಗಿಳಿಸಿಕೊಂಡು ಏಳುತ್ತಾರೆ. ನಿಮಗೆ ದುರದೃಷ್ಟ, ಅವರಿಗೆ ಕೈಚಳಕ ಎಂದು ವಿವರಣೆ ಕೊಡುವ ಅಗತ್ಯವೇ ಇಲ್ಲ.

ಕ್ಲಾಸಿನಲ್ಲಿ ನಾನು ಹುಣಸೆಬೀಜ ಇಟ್ಟು ಆಡಿಸುತ್ತಿದ್ದೆ. ನಲವತ್ತು ಮಕ್ಕಳು, ಒಬ್ಬೊಬ್ಬರಿಗೆ 25 ಆಟ. ಮುಗಿದ ಮೇಲೆ ಗೆದ್ದವರು ಕೈಯೆತ್ತಿ ಎಂದರೆ ಹನ್ನೆರಡೋ ಹದಿನಾಲ್ಕೋ ಕೈ ಮೇಲೇಳುತ್ತಿದ್ದವು. ಅವರ ಮುಖ ನೋಡಬೇಕಿತ್ತು! ಆಮೇಲೆ ಎಲ್ಲರ ಲೆಕ್ಕವನ್ನೂ ಬೋರ್ಡಿನ ಮೇಲೆ ಕೂಡಿಸುತ್ತಿದ್ದೆ. ಸಾವಿರ ಆಟದ ಒಟ್ಟು ಲೆಕ್ಕದಲ್ಲಿ ಕ್ಲಾಸು ಸೋತಿರುತ್ತಿತ್ತು, ಬೀಜದ ಡಬ್ಬಿ ಗೆದ್ದಿರುತ್ತಿತ್ತು. ಡಬ್ಬಿ ಸೋತ ದಿನ ನನಗೆ ನೆನಪಿಲ್ಲ. ಬರಬಹುದಿತ್ತು, ಸಾವಿರ ಆಟಕ್ಕೂ ನೂರರಲ್ಲಿ ಒಂದು ಸಲ ಹಾಗೆ ಆಗಬಹುದು. ನೂರು ಆಟವಾದರೆ ನಾಲ್ಕೈದು ಜನರಲ್ಲಿ ಒಬ್ಬರು ಇನ್ನೂ ಲಾಭದಲ್ಲಿರುತ್ತಾರೆ. ಹತ್ತು ಸಾವಿರ ಆಟವಾದರೆ ನಷ್ಟ 7870 ರೂಪಾಯಿಯ ಸುತ್ತ, ಎಗರಾಟ ಬರೀ 1113. ಅಲ್ಲಿ ಲಾಭದಲ್ಲಿ ಇರುವವರು ಸಿಗುವುದೇ ಇಲ್ಲ ಎಂದರೂ ನಡೆಯುತ್ತದೆ.

ಹಾಸಿನವನ ಲೆಕ್ಕ ಇದಕ್ಕೆ ಉಲ್ಟಾ. ನಿಮಿಷಕ್ಕೊಂದು ಆಟದಂತೆ ಸಂಜೆ ನಾಲ್ಕು ಗಂಟೆ ಕಾಲ, 240 ಆಟ, ಪ್ರತಿ ಸಲವೂ ಆರು ಚಿತ್ರ ತುಂಬಿದೆ ಎಂದುಕೊಳ್ಳಿ. ಅವನಿಗೆ ಬರುವುದು 1133 ರೂಪಾಯಿಯ ಸುತ್ತ. ಎಗರಾಟ ಎಷ್ಟು ಗೊತ್ತಾ? ಸುಮಾರು 86 ರೂಪಾಯಿ. ನಿಮ್ಮ 60 ಆಟದ ಎಗರಾಟವೂ 86, ಅವನ ಇಡೀ ಸಂಜೆಯದ್ದೂ 86. ನಿಮಗೆ ಅದು ಅದೃಷ್ಟದ ಉಯ್ಯಾಲೆ, ಅವನಿಗೆ ಚಹಾ-ಬೋಂಡದ ಖರ್ಚಿನಷ್ಟು ಹೆಚ್ಚುಕಡಿಮೆ. ನಿಜ ಜಾತ್ರೆಯಲ್ಲಿ ಆರೂ ಚಿತ್ರಕ್ಕೆ ಸಮ ದುಡ್ಡು ಬೀಳುವುದಿಲ್ಲ, ಒಮ್ಮೆ ಎಲ್ಲರೂ ಕಿರೀಟಕ್ಕೇ ಮುಗಿಬೀಳುತ್ತಾರೆ. ಆಗ ಅವನಿಗೂ ಕೆಲವು ಆಟದಲ್ಲಿ ಕೈಯಿಂದ ಹೋಗುತ್ತದೆ. ಆದರೆ ಸರಾಸರಿ ಬದಲಾಗುವುದಿಲ್ಲ. ಹಾಸಿನ ಮೇಲೆ ಬಿದ್ದ ಪ್ರತಿ ನೂರು ರೂಪಾಯಿಗೆ ಅವನ ಪಾಲು 7 ರೂಪಾಯಿ 87 ಪೈಸೆ. ದೀರ್ಘಾವಧಿಯ ಸರಾಸರಿಯಲ್ಲಿ ಬದುಕುವವನು ಅವನು. ನಾವು ನೀವು ಬದುಕುವುದು ಅದರ ಒಂದು ಸಣ್ಣ ತುಂಡಿನಲ್ಲಿ.

ಈಗ ನಿಮ್ಮ ಕೊನೆಯ ಪ್ರಶ್ನೆಯ ಹಿಂದೆ ಅಡಗಿರುವ ನಂಬಿಕೆಗೆ ಬರೋಣ. ಸರಾಸರಿ ಕೊನೆಗೆ 79 ಪೈಸೆಗೆ ಬರಬೇಕಾದರೆ, ಇಷ್ಟು ಸೋತ ಮೇಲೆ ಇನ್ನು ಮುಂದೆ ಸ್ವಲ್ಪ ಗೆಲ್ಲಲೇಬೇಕಲ್ಲ ಎಂದು ಅನಿಸುತ್ತದೆ. ಹಾಗೇನಿಲ್ಲ. ನೀವು 60 ಆಟಕ್ಕೆ 140 ಕಳೆದಿರಿ, ಆಟಕ್ಕೆ 2 ರೂಪಾಯಿ 33 ಪೈಸೆ ಆಯಿತು. ಇನ್ನೂ 940 ಆಟ ಆಡುತ್ತೀರಿ ಎಂದುಕೊಳ್ಳಿ. ಅವುಗಳಲ್ಲಿ ಮಾಮೂಲಿನಂತೆ ಆಟಕ್ಕೆ 79 ಪೈಸೆ ಹೋಗಿ ಇನ್ನೊಂದು 740 ರೂಪಾಯಿ ಕರಗುತ್ತದೆ. ಒಟ್ಟು ನಷ್ಟ 880, ಆಟ 1000, ಸರಾಸರಿ 88 ಪೈಸೆ. 2.33ರಿಂದ 88 ಪೈಸೆಗೆ ಬಂತು, ಸರಾಸರಿ ‘ಸರಿಹೋಯಿತು’. ನಿಮ್ಮ 140 ಮಾತ್ರ ವಾಪಸ್ ಬರಲಿಲ್ಲ, ಮೇಲಿಂದ 740 ಹೋಯಿತು. ಹಳೆಯ ಸೋಲನ್ನು ಯಾರೂ ತುಂಬಿಕೊಡಲಿಲ್ಲ, ದೊಡ್ಡ ರಾಶಿಯಲ್ಲಿ ಅದು ಕಾಣದಂತಾಯಿತು. ಬಕೆಟ್ ನೀರಿಗೆ ಬಿದ್ದ ಚಮಚ ಉಪ್ಪಿನ ಹಾಗೆ.

ಇದನ್ನು ಕೂತು ಮಾಡಿ ನೋಡಿದ ಪುಣ್ಯಾತ್ಮರೊಬ್ಬರಿದ್ದಾರೆ. ಜಾನ್ ಕೆರಿಚ್ ದಕ್ಷಿಣ ಆಫ್ರಿಕಾದಲ್ಲಿ ಗಣಿತ ಪಾಠ ಮಾಡುತ್ತಿದ್ದವರು. 1940ರಲ್ಲಿ ಹೆಂಡತಿಯ ಮನೆಯವರನ್ನು ನೋಡಲು ಡೆನ್ಮಾರ್ಕಿಗೆ ಹೋಗಿದ್ದಾಗ ಜರ್ಮನ್ ಸೇನೆ ಒಳನುಗ್ಗಿ, ಇವರು ಬಂಧನ ಶಿಬಿರದಲ್ಲಿ ಸಿಕ್ಕಿಹಾಕಿಕೊಂಡರು. ಅಲ್ಲಿ ಅವರು ಒಂದು ನಾಣ್ಯವನ್ನು 10,000 ಸಲ ಚಿಮ್ಮಿ ಬರೆದಿಟ್ಟರು. ಮೊದಲ 100ರಲ್ಲಿ 44 ಹೆಡ್ ಬಿತ್ತು, ಅರ್ಧಕ್ಕೆ 6 ಕಮ್ಮಿ. 1000ಕ್ಕೆ 502. ಕೊನೆಗೆ 10,000ಕ್ಕೆ 5067, ಅರ್ಧಕ್ಕಿಂತ 67 ಜಾಸ್ತಿ. ಶೇಕಡಾ ಲೆಕ್ಕ 44ರಿಂದ 50.67ಕ್ಕೆ ಬಂದು ಅರ್ಧದ ಪಕ್ಕ ನಿಂತಿತು. ಆದರೆ ಎಣಿಕೆಯ ಅಂತರ 6ರಿಂದ 67ಕ್ಕೆ ಬೆಳೆಯಿತು. ಸರಾಸರಿ ಹತ್ತಿರ ಬರುತ್ತದೆ, ಒಟ್ಟು ಮೊತ್ತ ದೂರ ಹೋಗುತ್ತದೆ, ಎರಡೂ ಒಟ್ಟಿಗೇ ಆಗುತ್ತವೆ. ಜೇಬಿಗೆ ಗೊತ್ತಾಗುವುದು ಒಟ್ಟು ಮೊತ್ತ ಮಾತ್ರ.

ಹತ್ತು ಆಟದಿಂದ ಕಿರೀಟ ಬಿದ್ದಿಲ್ಲ, ಇನ್ನು ಬೀಳಲೇಬೇಕು ಎಂದು ಕಾದು ಕೂರುವವರೂ ಇದೇ ಗುಂಡಿಗೆ ಬೀಳುತ್ತಾರೆ. ಒಂದು ಚಿತ್ರ ಸತತ ಹತ್ತು ಆಟ ಕಾಣೆಯಾಗುವುದು 237ರಲ್ಲಿ ಒಂದು ಅವಕಾಶ. ಅಪರೂಪ ಅನಿಸುತ್ತದೆ. ಆದರೆ ಚಿತ್ರ ಆರಿವೆ, ಸಂಜೆಯಲ್ಲಿ 240 ಆಟ ಇವೆ, ಹಾಗಾಗಿ ಒಂದೇ ಸಂಜೆಯಲ್ಲಿ ಎರಡು ಮೂರು ಸಲ ಹಾಗೆ ಆಗುವುದು ಮಾಮೂಲಿ. ಹನ್ನೊಂದನೇ ಆಟದಲ್ಲಿ ಕಿರೀಟದ ಅವಕಾಶ ಮೊದಲಿನಷ್ಟೇ, 216ಕ್ಕೆ 91.

ದುಪ್ಪಟ್ಟು ಇಡುವ ಉಪಾಯದ ಲೆಕ್ಕ ಹೀಗೆ. 10 ಸೋತರೆ 20, ಅದೂ ಹೋದರೆ 40, ಆಮೇಲೆ 80, 160, 320. ಎಲ್ಲಿ ಗೆದ್ದರೂ ಹಿಂದಿನದೆಲ್ಲ ಬಂದು ಕನಿಷ್ಠ 10 ರೂಪಾಯಿ ಲಾಭ. ಕೇಳಲು ಚಂದ. ಆರೂ ಸಲ ಸೋತರೆ 630 ರೂಪಾಯಿ ಹೋಯಿತು, ಮುಂದೆ 640 ಇಡಲು ನಿಮ್ಮ ಹತ್ತಿರ ದುಡ್ಡಿರುವುದಿಲ್ಲ, ಇದ್ದರೂ ಹಾಸಿನವನು ಬೇಡ ಅನ್ನುತ್ತಾನೆ. ಸತತ ಆರು ಸೋಲು 27ರಲ್ಲಿ ಒಂದು ಅವಕಾಶ. 26 ಸಲ ಗೆದ್ದು ಸಿಕ್ಕಿದ ಸಣ್ಣ ಸಣ್ಣ ಲಾಭವನ್ನು ಒಂದೇ ಸೋಲು ಗುಡಿಸಿಕೊಂಡು ಹೋಗಿ ಮೇಲಿಂದ ಇನ್ನಷ್ಟು ಕೇಳುತ್ತದೆ. ಹೀಗೆ ಒಂದು ಸರಣಿ ಆಡಲು ನೀವು ಇಡುವ ಒಟ್ಟು ಹಣ ಸರಾಸರಿ 89 ರೂಪಾಯಿ ಆಗುತ್ತದೆ, ಅದರಲ್ಲಿ 7 ರೂಪಾಯಿ ನಷ್ಟ. ನೂರಕ್ಕೆ 7.87, ಅದೇ ದರ. ಒಂದೊಂದು ಆಟವೂ ನಷ್ಟದ್ದಾಗಿದ್ದರೆ ಅವುಗಳನ್ನು ಯಾವ ಕ್ರಮದಲ್ಲಿ, ಯಾವ ಗಾತ್ರದಲ್ಲಿ ಪೋಣಿಸಿದರೂ ಮಾಲೆ ಲಾಭದ್ದಾಗುವುದಿಲ್ಲ. ದುಪ್ಪಟ್ಟು ಇಡುವುದರಿಂದ ನಷ್ಟದ ಆಕಾರ ಬದಲಾಗುತ್ತದೆ: ಆಗಾಗ ಸ್ವಲ್ಪ ಸ್ವಲ್ಪ ಹೋಗುವ ಬದಲು ಅಪರೂಪಕ್ಕೊಮ್ಮೆ ದೊಡ್ಡದಾಗಿ ಹೋಗುತ್ತದೆ. ಕಾಲೇಜು ಹುಡುಗನ ಜೇಬಿಗೆ ಎರಡನೆಯದೇ ಹೆಚ್ಚು ಅಪಾಯ. ಗೆಲುವಿನಲ್ಲಿದ್ದಾಗ ಎದ್ದುಬಿಡುವುದು ಇದಕ್ಕಿಂತ ವಾಸಿ, ಆದರೆ ಅದು ದರವನ್ನು ಬದಲಿಸಿ ಅಲ್ಲ, ಆಟವನ್ನು ಕಡಿಮೆ ಮಾಡಿ.

ಮೋಸದ ಪ್ರಶ್ನೆ ಉಳಿಯಿತು. ಮೇಲಿನ ಲೆಕ್ಕ ನೋಡಿದ ಮೇಲೆ ಹಾಸಿನವನಿಗೆ ಮೋಸ ಮಾಡುವ ಅಗತ್ಯವೇ ಇಲ್ಲ ಎಂದು ನಿಮಗೂ ಅನಿಸಿರಬೇಕು. ನಿಮ್ಮ 140 ರೂಪಾಯಿ ಮೋಸಕ್ಕೆ ಸಾಕ್ಷಿ ಅಲ್ಲ. ಹಾಗೆಂದು ಮೋಸ ಇರುವುದೇ ಇಲ್ಲ ಎಂದೂ ಅಲ್ಲ. ಅತಿ ಸುಲಭದ್ದು ಯಾವುದೆಂದರೆ, ಒಂದು ದಾಳದಲ್ಲಿ ಕಿರೀಟ ಬರೆಯದೆ ಅದರ ಜಾಗದಲ್ಲಿ ಇನ್ನೊಂದು ಬಾವುಟ ಬರೆದಿರುವುದು. ದಾಳದ ಎದುರು ಬದುರು ಮುಖ ಒಟ್ಟಿಗೆ ಕಾಣುವುದಿಲ್ಲ, ಹಾಗಾಗಿ ಯಾರ ಕಣ್ಣಿಗೂ ಬೀಳುವುದಿಲ್ಲ. ಆಗ ಕಿರೀಟದವನಿಗೆ ಉಳಿದದ್ದು ಎರಡೇ ದಾಳ. 36 ರೀತಿಯಲ್ಲಿ 25 ಸೋಲು, 10 ಒಂಟಿ, 1 ಜೋಡಿ. ಲೆಕ್ಕ ಹಾಕಿದರೆ ಆಟಕ್ಕೆ 79 ಪೈಸೆ ಇದ್ದ ನಷ್ಟ 3 ರೂಪಾಯಿ 61 ಪೈಸೆಗೆ ಹಾರುತ್ತದೆ. ಒಂದು ಮುಖ ಬದಲಾಯಿಸಿದ್ದಕ್ಕೆ ನಾಲ್ಕೂವರೆ ಪಟ್ಟು!

ಇದನ್ನು ಎಣಿಸಿ ಹಿಡಿಯಬಹುದಾ? 60 ಆಟದಲ್ಲಿ 180 ಸಲ ದಾಳ ಬೀಳುತ್ತದೆ. ಒಳ್ಳೆ ದಾಳವಾದರೆ ಕಿರೀಟ 30 ಸಲದ ಸುತ್ತ ಬೀಳಬೇಕು. 20ರಿಂದ 40ರವರೆಗೆ ಎಷ್ಟು ಬಿದ್ದರೂ ಆಶ್ಚರ್ಯ ಇಲ್ಲ. ಒಂದು ಕಿರೀಟ ಮಾಯವಾದ ದಾಳ ಸೇರಿದ್ದರೆ 20ರ ಸುತ್ತ ಬೀಳುತ್ತದೆ. ಅಂದರೆ ಒಳ್ಳೆ ದಾಳಕ್ಕೂ ಬರಬಹುದಾದ ಸಂಖ್ಯೆಯೇ, ಅಂಚಿನಲ್ಲಿದೆ ಅಷ್ಟೇ. 60 ಆಟ ಕೂತು ಎಣಿಸಿದರೂ ಖಾತ್ರಿಯಾಗಿ ಹೇಳಲಾಗುವುದಿಲ್ಲ. ದಾಳ ಕೈಗೆ ತೆಗೆದುಕೊಂಡು ಆರೂ ಮುಖ ತಿರುಗಿಸಿ ನೋಡಿದರೆ ಅರ್ಧ ನಿಮಿಷ ಸಾಕು. ಕೈಗೆ ಕೊಡಲು ಒಪ್ಪದಿದ್ದರೆ ಎದ್ದು ಬನ್ನಿ.

ಮತ್ತೆ ಆಡಬೇಕಾ ಎಂದರೆ, ದುಡ್ಡಿಟ್ಟು ಆಡುವುದರಲ್ಲಿ ನಮ್ಮ ಲೆಕ್ಕಕ್ಕೆ ಸೇರದ ಒಂದು ಖರ್ಚಿದೆ. ಸಾರ್ವಜನಿಕ ಜಾಗದಲ್ಲಿ ಹೀಗೆ ಆಡುವುದು 1963ರ ಕರ್ನಾಟಕ ಪೊಲೀಸ್ ಕಾಯ್ದೆಯಡಿ ಅಪರಾಧ. ದಾಳಿಯಾದರೆ ಹಾಸಿನವನ ಜೊತೆ ಸುತ್ತ ಕೂತವರ ಮೇಲೂ ಕೇಸು ಬೀಳುತ್ತದೆ. 79 ಪೈಸೆಯಲ್ಲಿ ಅದು ಸೇರಿಲ್ಲ. ಆಟದ ಖುಷಿ ಬೇಕು ಅಂದರೆ ಮನೆಯಲ್ಲಿ ಮೂರು ಲೂಡೊ ದಾಳ, ಒಂದು ಲೋಟ, ಹುಣಸೆಬೀಜ ಸಾಕು. ನೀವು ಬಿ.ಕಾಂ. ಓದುತ್ತಿದ್ದೀರಿ, ಎಕ್ಸೆಲ್ ಗೊತ್ತಿರುತ್ತದೆ. ಒಂದು ಸಾಲಿನಲ್ಲಿ ಮೂರು ಖಾನೆಗೆ ಈ ಸೂತ್ರ ಹಾಕಿ, ಸಾವಿರ ಸಾಲು ಕೆಳಗೆ ಎಳೆದರೆ ಸಾವಿರ ಆಟ ಮುಗಿಯಿತು:

```
=RANDBETWEEN(1,6)
```

6 ಅಂದರೆ ಕಿರೀಟ ಎಂದಿಟ್ಟುಕೊಳ್ಳಿ. ಮೂರು ದಾಳ A, B, C ಖಾನೆಯಲ್ಲಿದ್ದರೆ D ಖಾನೆಗೆ ಇದನ್ನು ಹಾಕಿ:

```
=IF(COUNTIF(A1:C1,6)=0,-10,10*COUNTIF(A1:C1,6))
```

D ಖಾನೆಯ ಸರಾಸರಿ ತೆಗೆಯಿರಿ. ಎಫ್9 ಒತ್ತಿದಾಗೆಲ್ಲ ಹೊಸ ಸಾವಿರ ಆಟ ಬರುತ್ತದೆ. ಸಾವಿರಕ್ಕೆ ಸರಾಸರಿ ಸಾಮಾನ್ಯವಾಗಿ 45 ಪೈಸೆಯಿಂದ 1 ರೂಪಾಯಿ 15 ಪೈಸೆ ನಷ್ಟದ ನಡುವೆ ಕುಣಿಯುತ್ತದೆ, ಮೂರರಲ್ಲಿ ಒಂದು ಸಲ ಅದರಾಚೆಗೂ ಹೋಗುತ್ತದೆ. ಆಮೇಲೆ ಬರೀ ಮೊದಲ 25 ಸಾಲಿನ ಮೊತ್ತ ನೋಡುತ್ತಾ ಎಫ್9 ಒತ್ತುತ್ತಾ ಹೋಗಿ. ನಿಮ್ಮ ಭಾವನ 40 ರೂಪಾಯಿ ಬೇಗನೇ ಸಿಗುತ್ತದೆ.